ಕೆಲಸ ಬಿಡೋರನ್ನ ಮಾತಿಗೆ ಕರೆಯೋ ಮೆಸೇಜು

ಎಕ್ಸಿಟ್ ಇಂಟರ್‌ವ್ಯೂ ಅಂದ್ರೆ ಹೊಸ ಎಚ್‌ಆರ್ ಹುಡುಗ್ರು ಮೊದಲು ಕೇಳೋದು, ಮೇಡಂ ಪ್ರಶ್ನೆ ಏನೇನು ಕೇಳ್ಬೇಕು, ಒಂದು ಫಾರ್ಮ್ಯಾಟ್ ಕೊಡಿ ಅಂತ. ಫಾರ್ಮ್ಯಾಟ್ ಕೊಡ್ತೀನಿ, ಅದೇನು ದೊಡ್ಡ ವಿಷಯ ಅಲ್ಲ. ಆದ್ರೆ ಎದುರಿಗೆ ಕೂತವರು ನಿಜ ಹೇಳ್ತಾರೋ ಅಥವಾ "ಬೆಟರ್ ಆಪರ್ಚುನಿಟಿ ಸಿಕ್ತು" ಅಂತ ಹೇಳಿ ಎದ್ದು ಹೋಗ್ತಾರೋ ಅನ್ನೋದು ಆ ರೂಮಿಗೆ ಬರೋಕೆ ಮುಂಚೆನೇ ತೀರ್ಮಾನ ಆಗಿರುತ್ತೆ. ಯಾವತ್ತು ಕರೆದ್ವಿ, ಎಲ್ಲಿಗೆ ಕರೆದ್ವಿ, ಹೇಳಿದ್ದು ಯಾರ ಕಿವಿಗೆ ಹೋಗುತ್ತೆ ಅಂತ ಹೇಳಿದ್ವಿ, ಇಷ್ಟರಲ್ಲೇ.

ನಾನಿರೋದು ಪುಣೆಯಲ್ಲಿ, ಕೆಲಸ ಚಾಕಣ್ ಕಡೆ ಗಾಡಿಗಳ ಬಿಡಿಭಾಗ ಮಾಡೋ ಒಂದು ಪ್ಲಾಂಟ್‌ನಲ್ಲಿ. ಈ ಭಾಗದ ಪ್ಲಾಂಟ್‌ಗಳಲ್ಲಿ ನಮ್ಮ ಹುಬ್ಬಳ್ಳಿ, ಬೆಳಗಾವಿ, ಗೋಕಾಕ, ಬಾಗಲಕೋಟೆ ಕಡೆಯ ಡಿಪ್ಲೊಮಾ, ಬಿ.ಇ. ಹುಡುಗ್ರು ಬಹಳ. ಅಂಥ ಒಬ್ಬರ ವಿಷಯ ಇಟ್ಕೊಂಡು ಬರೀತೀನಿ. ಅವರನ್ನ ಕೇಳಿಯೇ ಬರೀತಿರೋದು, ಗುರುತು ಹಿಡಿಯೋಂಥ ವಿವರಗಳನ್ನ ಬದಲಿಸಿದೀನಿ, ಇಬ್ಬರೂ ಕೂತು ಓದಿ ಒಪ್ಕೊಂಡ ಮೇಲೆನೇ ಇದನ್ನ ಹಾಕ್ತಿದೀನಿ.

ಅವರು ಕ್ವಾಲಿಟಿಯಲ್ಲಿ ಇಂಜಿನಿಯರ್, ಸರ್ವಿಸ್ ಐದು ವರ್ಷ ದಾಟಿತ್ತು. ರಾಜೀನಾಮೆ ಪತ್ರದಲ್ಲಿ ಎಲ್ಲರ ಹಾಗೇ "ವೈಯಕ್ತಿಕ ಕಾರಣ" ಅಂತ ಇತ್ತು. ಕೊನೇ ದಿನ 28ನೇ ತಾರೀಖು ಶುಕ್ರವಾರ ಅಂತ ನಿಗದಿ ಆಗಿತ್ತು.

ಈಗ ಯಾವತ್ತು ಕರೀಬೇಕು? ಬಹಳ ಕಡೆ ಕೊನೇ ದಿನವೇ ಇಟ್ಬಿಡ್ತಾರೆ, ಅನುಕೂಲ ಅಂತ. ಕೊನೇ ದಿನ ಮನುಷ್ಯನ ತಲೆ ಎಲ್ಲಿರುತ್ತೆ ನೋಡಿ: ನೋ ಡ್ಯೂಸ್ ಫಾರ್ಮ್ ಹಿಡ್ಕೊಂಡು ಸ್ಟೋರ್, ಟೂಲ್ ಕ್ರಿಬ್, ಐಟಿ, ಕ್ಯಾಂಟೀನು ಅಂತ ಸೈನ್ ಹಾಕಿಸ್ಕೊಳ್ತಾ ಓಡಾಡ್ತಿರ್ತಾರೆ, ಲ್ಯಾಪ್‌ಟಾಪ್ ಕೊಡ್ಬೇಕು, ಗೇಟ್ ಪಾಸ್ ಕೊಡ್ಬೇಕು, ಸಂಜೆ ಟೀಮಿನವರು ಕೇಕ್ ತಂದಿರ್ತಾರೆ. ಆ ಮಧ್ಯೆ ಇಪ್ಪತ್ತು ನಿಮಿಷ ಕೂರಿಸಿದ್ರೆ "ಎಲ್ಲಾ ಚೆನ್ನಾಗಿತ್ತು ಮೇಡಂ" ಅಂತಾರೆ, ಅವರ ತಪ್ಪೂ ಅಲ್ಲ ಅದು. ರಾಜೀನಾಮೆ ಕೊಟ್ಟ ವಾರವೇ ಕರೆದ್ರೆ ಇನ್ನೊಂದು ತೊಂದರೆ, ಆಗ ಮ್ಯಾನೇಜರ್ ಅವರನ್ನ ಉಳಿಸ್ಕೊಳ್ಳೋಕೆ ಮಾತಾಡ್ತಿರ್ತಾರೆ, ಸಂಬಳದ ಚೌಕಾಸಿ ನಡೀತಿರುತ್ತೆ, ನಾವು ಕರೆದ್ರೂ ಅದರದ್ದೇ ಮುಂದುವರಿಕೆ ಅನ್ಸುತ್ತೆ. ಹಾಗಾಗಿ ಉಳಿಯಲ್ಲ ಅಂತ ಪಕ್ಕಾ ಆದ ಮೇಲೆ, ಆದ್ರೆ ಕೊನೇ ವಾರದ ಓಡಾಟ ಶುರು ಆಗೋಕೆ ಮುಂಚೆ ಒಂದು ಜಾಗ ಹುಡುಕ್ಬೇಕು. ನಾನು 19ನೇ ತಾರೀಖು ಬುಧವಾರ ಇಟ್ಟೆ. ನಮ್ಮ ಪ್ಲಾಂಟಿಗೆ ಗುರುವಾರ ವಾರದ ರಜೆ. ಬುಧವಾರ ಮಾತಾಡಿದ್ರೆ ಮರುದಿನ ಮನೇಲಿ ಕೂತು ಯೋಚನೆ ಮಾಡೋಕೆ ಒಂದು ದಿನ ಸಿಗುತ್ತೆ, ಇದನ್ನ ಹೇಳ್ಬಾರದಿತ್ತು ಅಥವಾ ಇದನ್ನ ಹೇಳೋಕೆ ಮರೆತೆ ಅಂತ ಅನ್ಸಿದ್ರೆ ಫೋನ್ ಮಾಡ್ಬಹುದು.

ಹೊತ್ತು ಮಧ್ಯಾಹ್ನ 2 ಗಂಟೆ. ಇದಕ್ಕೂ ಕಾರಣ ಇದೆ. ಶಿಫ್ಟ್ ಮುಗಿಯೋ ಹೊತ್ತಿಗೆ ಇಟ್ರೆ ಕಂಪನಿ ಬಸ್ ತಪ್ಪುತ್ತೆ ಅನ್ನೋ ಚಿಂತೆ, ಚಾಕಣ್‌ನಿಂದ ನಿಗಡಿಗೆ ಆಮೇಲೆ ಆಟೋ ಹಿಡ್ಕೊಂಡು ಹೋಗೋದು ಯಾರಿಗೂ ಬೇಡ, ಅವರು ಗಡಿಯಾರ ನೋಡ್ತಾನೇ ಮಾತಾಡ್ತಾರೆ. ಒಂದು ಗಂಟೆ ಮಾತು, ಆಮೇಲೆ ಅರ್ಧ ಗಂಟೆ ಖಾಲಿ ಇರ್ಬೇಕು, ಯಾಕಂದ್ರೆ ಮುಖ್ಯವಾದ ಮಾತು ಬಹಳ ಸಲ ಎದ್ದು ನಿಂತ ಮೇಲೆನೇ ಬರುತ್ತೆ.

ಜಾಗದ ವಿಷಯಕ್ಕೆ ಬಂದ್ರೆ, ನಮ್ಮ ಎಚ್‌ಆರ್ ಕ್ಯಾಬಿನ್ ಪೂರ್ತಿ ಗಾಜು. ಶಾಪ್ ಫ್ಲೋರ್‌ಗೆ ಹೋಗೋ ಎಲ್ಲರೂ ಅದರ ಮುಂದೆನೇ ಹಾದು ಹೋಗ್ಬೇಕು, ಯಾರು ಕೂತಿದಾರೆ, ಮುಖ ಹೇಗಿದೆ, ಕಣ್ಣು ಒರೆಸ್ಕೊಂಡ್ರಾ, ಎಲ್ಲಾ ಕಾಣುತ್ತೆ. ಅಲ್ಲಿ ಕೂರಿಸ್ಕೊಂಡು ಗೌಪ್ಯತೆ ಬಗ್ಗೆ ಮಾತಾಡಿದ್ರೆ ಅರ್ಥ ಇಲ್ಲ. ಹಿಂದಿನ ಕಟ್ಟಡದ ಟ್ರೇನಿಂಗ್ ರೂಮ್ ತಗೊಂಡೆ. ಇಲ್ಲಿ ಒಂದು ಸಣ್ಣ ಆದ್ರೆ ಬಹಳ ಮುಖ್ಯವಾದ ವಿಷಯ ಹೇಳ್ಬೇಕು. ಔಟ್‌ಲುಕ್‌ನಲ್ಲಿ ಇನ್ವೈಟ್ ಕಳಿಸುವಾಗ ಸಬ್ಜೆಕ್ಟ್‌ನಲ್ಲಿ "ಎಕ್ಸಿಟ್ ಇಂಟರ್‌ವ್ಯೂ" ಅಂತ ಬರೆದು ಪಕ್ಕದಲ್ಲಿ ಅವರ ಹೆಸರು ಹಾಕ್ಬಿಟ್ರೆ, ಆ ಕ್ಯಾಲೆಂಡರ್ ಯಾರ್ಯಾರ ಜೊತೆ ಹಂಚ್ಕೊಂಡಿದೀವೋ ಅವರಿಗೆಲ್ಲಾ ಕಾಣ್ಬಹುದು, ರೂಮಿನ ಬಾಗಿಲ ಹತ್ರ ಪುಟ್ಟ ಸ್ಕ್ರೀನ್ ಇದ್ರೆ ಅಲ್ಲೂ ಬರ್ಬಹುದು. ಸಬ್ಜೆಕ್ಟ್‌ನಲ್ಲಿ "ಮಾತುಕತೆ" ಅಂತಷ್ಟೇ ಇರ್ಲಿ, ಮೀಟಿಂಗನ್ನ ಪ್ರೈವೇಟ್ ಅಂತ ಗುರುತು ಮಾಡಿ, ವಿವರಗಳನ್ನ ಇನ್ವೈಟ್ ಒಳಗೆ ಬರೀದೇ ಬೇರೆ ಮೇಲ್‌ನಲ್ಲಿ ಕಳ್ಸಿ. ನಮ್ಮ ಕ್ಯಾಲೆಂಡರ್ ನೋಡ್ಕೊಳ್ಳೋಕೆ ಬೇರೆಯವರಿಗೆ ಡೆಲಿಗೇಟ್ ಆಕ್ಸೆಸ್ ಕೊಟ್ಟಿದ್ರೆ, ಪ್ರೈವೇಟ್ ಇದ್ದಿದ್ದೂ ಅವರಿಗೆ ಕಾಣೋ ಹಾಗೆ ಸೆಟ್ಟಿಂಗ್ ಇರಬಹುದು, ಅದನ್ನ ಮೊದಲೇ ನೋಡ್ಕೋಬೇಕು.

ಮೇಲ್ ಅವರ ಆಫೀಸ್ ಐಡಿಗೆ ಕಳಿಸೋಕೆ ಮುಂಚೆ ಫೋನ್ ಮಾಡಿ ಕೇಳಿದೆ, ಪರ್ಸನಲ್ ಐಡಿಗೆ ಕಳಿಸ್ಲಾ ಅಂತ. ಹೂಂ ಅಂದ್ರು. ಮೇಲ್ ಹೀಗಿತ್ತು:

"ನಮಸ್ಕಾರ. ನಿಮ್ಮ ಕೊನೇ ದಿನಕ್ಕೆ ಮುಂಚೆ ಒಂದು ಸಲ ಕೂತು ಮಾತಾಡೋಣ ಅಂತ ಬರೀತಿದೀನಿ. 19ನೇ ತಾರೀಖು ಬುಧವಾರ ಮಧ್ಯಾಹ್ನ 2ಕ್ಕೆ, ಟ್ರೇನಿಂಗ್ ರೂಮಿನಲ್ಲಿ, ಸುಮಾರು ಒಂದು ಗಂಟೆ. ಈ ಹೊತ್ತು ಆಗಲ್ಲ ಅಂದ್ರೆ ನೀವೇ ಬೇರೆ ಹೇಳಿ. ನಾನೊಬ್ಬಳೇ ಇರ್ತೀನಿ, ನಿಮ್ಮ ಮ್ಯಾನೇಜರ್ ಇರಲ್ಲ.

ಇದು ನಿಮ್ಮನ್ನ ನಿಲ್ಲಿಸ್ಕೊಳ್ಳೋಕೆ ಮಾಡೋ ಮಾತುಕತೆ ಅಲ್ಲ. ಇಲ್ಲಿ ಕೆಲಸ ಮಾಡುವಾಗ ಏನು ಕಷ್ಟ ಆಯ್ತು, ಬಿಡೋ ಯೋಚನೆ ಯಾವಾಗ ಶುರು ಆಯ್ತು, ನಿಮ್ಮ ಜಾಗಕ್ಕೆ ಬರೋರಿಗೆ ಏನು ಬದಲಾಗ್ಬೇಕು ಅಂತ ತಿಳ್ಕೊಳ್ಳೋಕೆ. ಬರೋದು ಬಿಡೋದು ನಿಮ್ಮಿಷ್ಟ. ಬರ್ಲಿಲ್ಲ ಅಂದ್ರೂ ಫುಲ್ ಅಂಡ್ ಫೈನಲ್ ಲೆಕ್ಕದ ದುಡ್ಡು, ಗ್ರಾಚ್ಯುಟಿ, ರಿಲೀವಿಂಗ್ ಲೆಟರ್ ಯಾವುದೂ ನಿಲ್ಲಲ್ಲ, ತಡ ಆಗಲ್ಲ.

ನೀವು ಹೇಳಿದ್ದು ನಿಮ್ಮ ಪರ್ಸನಲ್ ಫೈಲ್‌ಗೆ ಹೋಗಲ್ಲ. ಹೊಸ ಕಂಪನಿಯವರು ವೆರಿಫಿಕೇಶನ್‌ಗೆ ಕೇಳಿದ್ರೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ಹೇಳ್ತೀವಿ. ಬೇರೆಯವರು ಹೇಳಿದ್ದರ ಜೊತೆ ಸೇರಿಸಿ, ಹೆಸರಿಲ್ದೆ, ಯಾರು ಹೇಳಿದ್ದು ಅಂತ ಗೊತ್ತಾಗದ ಹಾಗೆ, ಆರು ತಿಂಗಳಿಗೊಮ್ಮೆ ಪ್ಲಾಂಟ್ ಹೆಡ್‌ಗೆ ಕೊಡ್ತೀನಿ.

ಆದ್ರೆ ಮೂರು ವಿಷಯ ನನ್ನಲ್ಲೇ ಇಟ್ಕೊಳ್ಳೋಕೆ ಆಗಲ್ಲ: ಯಾರಿಗಾದ್ರೂ ಲೈಂಗಿಕ ಕಿರುಕುಳ ಆಗಿರೋದು, ದುಡ್ಡಿನ ಮೋಸ, ಯಾರದಾದ್ರೂ ಜೀವಕ್ಕೋ ಕೈಕಾಲಿಗೋ ಅಪಾಯ ಇರೋದು. ಇವು ಬಂದ್ರೆ ನಾನು ಮುಂದೆ ತಿಳಿಸ್ಲೇಬೇಕು. ಎಲ್ಲಿಗೆ ಹೋಗುತ್ತೆ, ಹೇಗೆ ಹೋಗುತ್ತೆ ಅಂತ ಮೊದಲು ನಿಮಗೇ ಹೇಳ್ತೀನಿ."

ಕೊನೇ ಭಾಗ ಓದಿ ನಮ್ಮ ಜೂನಿಯರ್ ಒಬ್ಬಳು ಕೇಳಿದ್ಳು, ಹೀಗೆ ಬರೆದ್ರೆ ಯಾರಾದ್ರೂ ಬಾಯಿ ಬಿಡ್ತಾರಾ ಮೇಡಂ, "ಎಲ್ಲಾ ನಮ್ಮಿಬ್ಬರ ಮಧ್ಯೆ" ಅಂದ್ರೆ ಆರಾಮಾಗಿ ಹೇಳ್ತಾರಲ್ಲ ಅಂತ. ಹೇಳ್ತಾರೆ ನಿಜ. ಆಮೇಲೆ ಆ ಹೇಳಿದ್ದು ಅಪಾಯದ ವಿಷಯ ಆಗಿದ್ರೆ ನಾವು ಮಾತು ಮುರೀಬೇಕು, ಇಲ್ಲಾ ಅಪಾಯನ ಮುಚ್ಚಿಡ್ಬೇಕು. ಎರಡೂ ಆಗಲ್ಲ. ಲೈಂಗಿಕ ಕಿರುಕುಳದ ವಿಷಯದಲ್ಲಂತೂ 2013ರ ಕಾಯ್ದೆ ಪ್ರಕಾರ ದೂರು ಕೊಡೋಕೆ ಘಟನೆ ಆಗಿ 3 ತಿಂಗಳ ಒಳಗೆ ಅಂತ ಗಡುವಿದೆ, ಸರಿಯಾದ ಕಾರಣ ಇದ್ರೆ ಇಂಥ ದೂರು ವಿಚಾರಿಸೋ ಕಂಪನಿಯ ಇಂಟರ್ನಲ್ ಕಮಿಟಿ ಇನ್ನೂ 3 ತಿಂಗಳು ಕೊಡ್ಬಹುದು. ಬಿಟ್ಟು ಹೋಗ್ತಿರೋ ಹೆಣ್ಮಗಳು ಎಕ್ಸಿಟ್ ಇಂಟರ್‌ವ್ಯೂನಲ್ಲಿ ಹೇಳಿ, ನಾವು ಅದನ್ನ "ಗೌಪ್ಯ" ಅಂತ ಡ್ರಾಯರ್‌ನಲ್ಲಿಟ್ರೆ ಆ ಗಡುವು ಸುಮ್ನೆ ಕಳೆದು ಹೋಗುತ್ತೆ, ಅವಳು ನನಗೆ ಹೇಳಿದೀನಲ್ಲ ಅಂತ ನಂಬ್ಕೊಂಡಿರ್ತಾಳೆ. ನನಗೆ ಹೇಳಿದ್ದು ದೂರು ಅಲ್ಲ, ದೂರು ಬರವಣಿಗೆಯಲ್ಲಿ ಇಂಟರ್ನಲ್ ಕಮಿಟಿಗೆ ಹೋಗ್ಬೇಕು, ಬರೆಯೋಕೆ ಆಗಲ್ಲ ಅಂದ್ರೆ ಕಮಿಟಿಯವರೇ ಸಹಾಯ ಮಾಡ್ಬೇಕು. ಇದನ್ನ ಅವತ್ತೇ, ಅಲ್ಲೇ, ಅವಳಿಗೆ ಬಿಡಿಸಿ ಹೇಳ್ಬೇಕು.

ಬುಧವಾರ ಅವರು ಬಂದ್ರು. ಮೇಲ್‌ನಲ್ಲಿ ಬರೆದಿದ್ದನ್ನೇ ಬಾಯಲ್ಲೂ ಒಂದು ಸಲ ಹೇಳಿದೆ, ಯಾಕಂದ್ರೆ ಓದಿರ್ತಾರೆ ಅಂತ ಅನ್ಕೊಳ್ಳೋಕೆ ಆಗಲ್ಲ. ಇನ್ನೊಂದೂ ಹೇಳಿದೆ: ನೀವು ಇಲ್ಲಿಗೆ ಬಂದಿದೀರಿ ಅನ್ನೋದು ನಿಮ್ಮ ಮ್ಯಾನೇಜರ್‌ಗೆ ಗೊತ್ತು, ಲೈನ್‌ನಿಂದ ನಿಮ್ಮನ್ನ ಬಿಡಿಸ್ಕೊಡಿ ಅಂತ ಅವರನ್ನ ಕೇಳ್ಲೇಬೇಕಿತ್ತು, ಭೇಟಿ ಆಗಿದ್ದನ್ನ ಮುಚ್ಚಿಡೋಕೆ ಆಗಲ್ಲ, ಮಾತಾಡಿದ್ದನ್ನ ಮಾತ್ರ ಕಾಪಾಡ್ಬಹುದು.

ಮೊದಲ ಅರ್ಧ ಗಂಟೆ ಶಿಫ್ಟ್ ರೋಟಾ ಬಗ್ಗೆ ಹೋಯ್ತು. ನೈಟ್ ಶಿಫ್ಟ್ ಯಾವಾಗ್ಲೂ ಅದೇ ಇಬ್ಬರು ಮೂವರಿಗೆ ಬೀಳುತ್ತೆ, ಮುಂದಿನ ವಾರದ ರೋಟಾ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಬರುತ್ತೆ, ಊರಿಗೆ ಹೋಗೋಕೆ ಟಿಕೆಟ್ ಬುಕ್ ಮಾಡೋಕೂ ಆಗಲ್ಲ ಅಂತ. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ರು: "ಮೇಡಂ, ನೀವು ಮೂರು ಅಂದ್ರಲ್ಲರಿ, ಮಷಿನ್ ವಿಷಯ ಅದರಾಗ ಬರ್ತದೇನ್ರಿ?"

"ಕೈಗೆ ಪೆಟ್ಟಾಗೋಂಥದ್ದಿದ್ರೆ ಬರ್ತದೆ. ಹೇಳೋಕೆ ಮುಂಚೆ ಯೋಚನೆ ಮಾಡ್ರಿ, ಹೇಳಿದ ಮೇಲೆ ನನಗೆ ಸುಮ್ನಿರೋಕಾಗಲ್ಲ" ಅಂದೆ.

"ಹಂಗಿದ್ರ ಹೇಳ್ತೀನ್ರಿ. ಅದಕ್ಕ ಬಂದೀನಿ."

ವಿಷಯ ಇದು. ತಗಡನ್ನ ಒತ್ತಿ ಬಿಡಿಭಾಗ ಮಾಡೋ ಪ್ರೆಸ್ ಶಾಪ್‌ನಲ್ಲಿ ಪ್ರತಿ ಪ್ರೆಸ್ ಮುಂದೆ ಲೈಟ್ ಕರ್ಟನ್ ಅಂತ ಇರುತ್ತೆ, ಎರಡು ಕಂಬಗಳ ಮಧ್ಯೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು, ಆಪರೇಟರ್ ಕೈ ಅದನ್ನ ದಾಟಿದ ತಕ್ಷಣ ಪ್ರೆಸ್ ನಿಲ್ಲಬೇಕು. ಡೈ ಸೆಟ್ಟಿಂಗ್, ಮೇಂಟೆನೆನ್ಸ್‌ಗೆ ಅಂತ ಅದನ್ನ ತಪ್ಪಿಸೋ ಒಂದು ಬೈಪಾಸ್ ಕೀ ಇರುತ್ತೆ. ನೈಟ್ ಶಿಫ್ಟ್‌ನಲ್ಲಿ ಸ್ಕ್ರ್ಯಾಪ್ ತುಣುಕು ಬೆಳಕಿಗೆ ಅಡ್ಡ ಬಂದು ಪ್ರೆಸ್ ಮತ್ತೆ ಮತ್ತೆ ನಿಲ್ಲುತ್ತೆ, ಟಾರ್ಗೆಟ್ ತಪ್ಪುತ್ತೆ ಅಂತ ಕೀ ತಿರುಗಿಸಿ ಬೈಪಾಸ್‌ನಲ್ಲೇ ಬಿಟ್ಟು ಓಡಿಸ್ತಿದ್ರು. ಆ ಕೀ ಮೇಂಟೆನೆನ್ಸ್‌ನವರ ಹತ್ರ ಇರ್ಬೇಕಾದದ್ದು, ಶಿಫ್ಟ್‌ನವರ ಡ್ರಾಯರ್‌ನಲ್ಲಿತ್ತು. ಶಿಫ್ಟ್ ಶುರುನಲ್ಲಿ ಟೆಸ್ಟ್ ರಾಡ್ ಅಡ್ಡ ಹಿಡಿದು ಲೈಟ್ ಕರ್ಟನ್ ಕೆಲಸ ಮಾಡ್ತಿದೆಯಾ ನೋಡಿ ಚೆಕ್‌ಲಿಸ್ಟ್‌ನಲ್ಲಿ ಟಿಕ್ ಹಾಕ್ಬೇಕು. ಟಿಕ್ ಎಲ್ಲಾ ಇತ್ತು, ಆದ್ರೆ ಎಲ್ಲಾ ಪ್ರೆಸ್‌ಗೂ ಒಂದೇ ಸಮಯ ಬರೆದಿತ್ತು. ಇವರು ಕ್ವಾಲಿಟಿಯವರು, ಇದು ಇವರ ಕೆಲಸ ಅಲ್ಲ, ಆದ್ರೂ ಕಣ್ಣಿಗೆ ಬಿದ್ದಿತ್ತು, ಲೈನ್‌ನಲ್ಲಿ ಹೇಳಿದ್ರು, "ನಿಂದು ನೀ ನೋಡ್ಕೋ" ಅನ್ನೋ ಉತ್ತರ ಬಂದಿತ್ತು.

ನಾನು ನನ್ನ ಮುಂದೆ ಇದ್ದ ಹಾಳೆ ಪಕ್ಕಕ್ಕಿಟ್ಟು, ಇದು ಹೇಗೆ ಮುಂದೆ ಹೋಗುತ್ತೆ ಅಂತ ಅವರಿಗೆ ಹೇಳಿದೆ. ಸೇಫ್ಟಿ ಆಫೀಸರ್‌ಗೆ ಇವತ್ತೇ ತಿಳಿಸ್ತೀನಿ, ಪ್ರೆಸ್ ಶಾಪ್, ನೈಟ್ ಶಿಫ್ಟ್, ಬೈಪಾಸ್ ಕೀ, ಚೆಕ್‌ಲಿಸ್ಟ್ ಸಮಯ, ಇಷ್ಟು ಮಾತ್ರ. ಯಾರು ಹೇಳಿದ್ರು ಅಂತ ಹೇಳಲ್ಲ. ನೀವು ಹೋಗೋವರೆಗೂ ಕಾಯೋಕೆ ಆಗಲ್ಲ, ಆ ಒಂಬತ್ತು ದಿನದಲ್ಲಿ ಯಾರದ್ದಾದ್ರೂ ಬೆರಳು ಹೋದ್ರೆ? ತಪಾಸಣೆ ಆಗುವಾಗ ನೀವಿನ್ನೂ ಪ್ಲಾಂಟ್‌ನಲ್ಲೇ ಇರ್ತೀರಿ, ಕೆಲವರು ಊಹೆ ಮಾಡ್ಬಹುದು, ಆ ಊಹೆನ ನಾನು ತಡೆಯೋಕೆ ಆಗಲ್ಲ, ಆದ್ರೆ ನನ್ನ ಕಡೆಯಿಂದ ಹೌದು ಅಂತಲೂ ಬರಲ್ಲ ಅಲ್ಲ ಅಂತಲೂ ಬರಲ್ಲ. ಅವರು ತಲೆ ಆಡಿಸಿದ್ರು, ಮುಂಚೆನೇ ಗೊತ್ತಿತ್ತಲ್ರಿ ಅಂದ್ರು.

ಸೇಫ್ಟಿ ಆಫೀಸರ್ ಸಂಜೆನೇ ಮೇಂಟೆನೆನ್ಸ್ ಹೆಡ್ ಜೊತೆ ಮಾತಾಡಿ, ರಜೆ ಕಳೆದು ಪ್ರೆಸ್ ಶುರು ಆದ ಮೊದಲ ನೈಟ್ ಶಿಫ್ಟ್‌ಗೇ ಹೋದ್ರು. ಬುಧವಾರ ರಾತ್ರಿ ಶಿಫ್ಟ್ ಇರ್ಲಿಲ್ಲ, ಇದ್ದಿದ್ರೆ ಅವತ್ತೇ ಹೋಗ್ಬೇಕಿತ್ತು. ಒಂದು ಪ್ರೆಸ್ ಮಾತ್ರ ನೋಡ್ದೆ ಶಾಪ್‌ನ ಎಲ್ಲಾ ಪ್ರೆಸ್ ನೋಡಿದ್ರು, ಯಾವ ಪ್ರೆಸ್ ಅಂತ ನಾನೂ ಅವರಿಗೆ ಹೇಳಿರ್ಲಿಲ್ಲ. ಗುರುತು ಕಾಪಾಡೋದು ಇಂಥ ಕಡೆನೇ ಇರೋದು. ನೇರವಾಗಿ ಹೋಗಿ ನಾಲ್ಕನೇ ಪ್ರೆಸ್ ಡ್ರಾಯರ್ ತೆಗೀರಿ ಅಂದ್ರೆ, ಹೇಳಿದವರು ಯಾರು ಅಂತ ಬೋರ್ಡ್ ಹಾಕಿದ ಹಾಗೇ ಆಗುತ್ತೆ. ಒಂದಕ್ಕಿಂತ ಹೆಚ್ಚು ಪ್ರೆಸ್ ಬೈಪಾಸ್‌ನಲ್ಲಿ ಸಿಕ್ತು. ಕೀಗಳು ಮೇಂಟೆನೆನ್ಸ್‌ಗೆ ವಾಪಸ್ ಹೋದ್ವು, ತಗೊಳ್ಬೇಕಾದ್ರೆ ರಿಜಿಸ್ಟರ್‌ನಲ್ಲಿ ಸೈನ್ ಅಂತ ಆಯ್ತು, ಸ್ಕ್ರ್ಯಾಪ್ ಅಡ್ಡ ಬರದ ಹಾಗೆ ಅದು ಜಾರಿ ಹೋಗೋ ಚ್ಯೂಟ್ ಬದಲಿಸೋ ಕೆಲಸನೂ ಶುರು ಆಯ್ತು. ಚ್ಯೂಟ್ ಸರಿ ಮಾಡ್ದೆ ಕೀ ಮಾತ್ರ ಕಿತ್ಕೊಂಡಿದ್ರೆ ಇನ್ನೊಂದು ವಾರದಲ್ಲಿ ಬೇರೆ ದಾರಿ ಹುಡುಕ್ತಿದ್ರು.

ನಿರೀಕ್ಷಿಸಿದ ಹಾಗೆ ಮರುದಿನ ಒಬ್ಬರು ಬಂದು ಕೇಳಿದ್ರು, ಯಾರು ಹೇಳಿದ್ದು, ಆ ಹೋಗ್ತಿರೋ ಕ್ವಾಲಿಟಿಯವನೇ ತಾನೆ ಅಂತ. ಇಲ್ಲಿ ಪಾಪ ಅಂತ "ಛೇ ಅವರಲ್ಲ" ಅನ್ನೋಕೆ ಬಾಯಿ ಬರುತ್ತೆ. ಅನ್ನಬಾರದು. ಒಬ್ಬರಿಗೆ "ಅಲ್ಲ" ಅಂದ್ರೆ ಮುಂದಿನ ಸಲ ಇನ್ನೊಬ್ಬರ ಹೆಸರಿಗೆ ಸುಮ್ನಿದ್ದಾಗ ಆ ಮೌನವೇ "ಹೌದು" ಆಗುತ್ತೆ. ಯಾರ ಹೆಸರು ಹೇಳಿದ್ರೂ ನನ್ನ ಉತ್ತರ ಒಂದೇ, ಯಾರು ಏನು ಹೇಳಿದ್ರು ಅಂತ ನಾನು ಮಾತಾಡಲ್ಲ. ಸುಳ್ಳು ಹೇಳೋ ಅಗತ್ಯನೂ ಬೀಳಲ್ಲ.

ಇನ್ನು ರೋಟಾ ವಿಷಯ. ಅದು ಅಪಾಯದ್ದಲ್ಲ, ಹಾಗಾಗಿ ಗೌಪ್ಯತೆಯ ಮಾತು ಪೂರ್ತಿ ಲಾಗು ಆಗುತ್ತೆ, ಮತ್ತು ನಿಜ ಹೇಳ್ಬೇಕಂದ್ರೆ ಇದನ್ನ ಕಾಪಾಡೋದೇ ಹೆಚ್ಚು ಕಷ್ಟ. ಅವರ ಟೀಮ್‌ನಲ್ಲಿ ಇರೋದೇ ಆರು ಜನ. "ಕ್ವಾಲಿಟಿ ವಿಭಾಗದಿಂದ ಬಿಟ್ಟವರೊಬ್ಬರು ರೋಟಾ ಬಗ್ಗೆ ಹೇಳಿದ್ರು" ಅಂದ್ರೆ ಹೆಸರು ತೆಗೆದು ಏನು ಬಂತು? ಆ ಆರು ತಿಂಗಳಲ್ಲಿ ಆ ವಿಭಾಗದಿಂದ ಹೋದವರು ಅವರೊಬ್ಬರೇ. ನಾನು ಇಟ್ಕೊಂಡಿರೋ ನಿಯಮ, ಕನಿಷ್ಠ ಐದು ಜನರ ಮಾತು ಸೇರೋವರೆಗೂ ವಿಭಾಗದ ಮಟ್ಟದಲ್ಲಿ ಏನೂ ಬರೆಯಲ್ಲ, ಐದು ಆಗ್ಲಿಲ್ಲ ಅಂದ್ರೆ ಪ್ಲಾಂಟ್ ಮಟ್ಟಕ್ಕೆ ಸೇರಿಸ್ತೀನಿ. ಇದರಿಂದ ನಷ್ಟನೂ ಇದೆ. ಒಂದು ಸಣ್ಣ ವಿಭಾಗದಲ್ಲಿ ನಿಜವಾಗ್ಲೂ ಕೆಟ್ಟ ಮ್ಯಾನೇಜರ್ ಇದ್ರೆ ಆ ಮಾಹಿತಿ ತಿಂಗಳುಗಟ್ಟಲೆ ನನ್ನ ಹತ್ರನೇ ಕೂತಿರುತ್ತೆ, ಅದು ಕುಟುಕ್ತಾನೇ ಇರುತ್ತೆ. ಅಂಥ ಕಡೆ ಹೋಗ್ತಿರೋರನ್ನೇ ಕೇಳ್ತೀನಿ, ನಿಮ್ಮ ಹೆಸರಲ್ಲೇ ಹೇಳ್ಲಾ, ಹೇಳೋದಾದ್ರೆ ಯಾವಾಗ, ನೀವು ಹೋಗಿ ಒಂದು ತಿಂಗಳಾದ ಮೇಲೆನಾ ಅಂತ. ಇವರು ಬೇಡ ಅಂದ್ರು. ಸರಿ ಅಂದೆ, ಅಷ್ಟೇ.

ನಮ್ಮಂಥವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಾವಿಬ್ಬರೂ ಕನ್ನಡದಲ್ಲೇ ಮಾತಾಡಿದ್ದು. ಅವರು ಹೇಳಿದ ಮಾತು ಚೆನ್ನಾಗಿದೆ ಅಂತ ವರದಿಯಲ್ಲಿ ಹಾಗ್ಹಾಗೇ ಹಾಕಿದ್ರೆ ಕೆಲಸ ಮುಗೀತು, ಆ ವಿಭಾಗದಲ್ಲಿ ಕನ್ನಡದವರು ಇಬ್ಬರೇ, ಅದರಲ್ಲಿ ಒಬ್ಬರು ಅವರ ಮ್ಯಾನೇಜರ್ರೇ. ಅವರ ಮಾತಿನ ಶೈಲಿ, ಊರಿಗೆ ಹೋಗೋ ಟಿಕೆಟ್ ವಿಷಯ, ಇವೆಲ್ಲಾ ಗುರುತುಗಳೇ. ಹಾಗಾಗಿ ಎಲ್ಲರ ಮಾತನ್ನೂ ನನ್ನ ಸಪ್ಪೆ ಆಫೀಸ್ ಭಾಷೆಯಲ್ಲಿ ಬರೀತೀನಿ: "ಶಿಫ್ಟ್ ಪಟ್ಟಿ ತಡವಾಗಿ ಬರುವುದರಿಂದ ರಜೆ ಯೋಜಿಸಲು ಆಗುತ್ತಿಲ್ಲ ಎಂದು ಹಲವರು ಹೇಳಿದ್ದಾರೆ". ಹಲವರು ಅನ್ನೋದು ನಿಜವಾಗಿ ಹಲವರೇ ಆದಾಗ ಮಾತ್ರ.

ಮತ್ತೆ ಪುಣೆಯಲ್ಲಿ ಕನ್ನಡದವರ ಬಳಗ ದೊಡ್ಡದಿದ್ರೂ ಒಬ್ಬರಿಗೊಬ್ಬರು ಗೊತ್ತಿರ್ತಾರೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಅದೇ ಮ್ಯಾನೇಜರ್ ಊಟದ ಸಾಲಿನಲ್ಲಿ ಸಿಕ್ಕು, ಪ್ರೀತಿಯಿಂದನೇ ಕೇಳಿದ್ರು, "ಅಕ್ಕಾರ, ಅಂವಾ ನನ್ನ ಬಗ್ಗೆ ಏನರ ಅಂದ್ನೇನ್ರಿ?" ಅಂತ. ಅವರಿಗೆ ನೋವಾಗಿತ್ತು, ತಾವೇ ಕೈಹಿಡಿದು ಕೆಲಸ ಕಲಿಸಿದ ಹುಡುಗ ಹೋದ ಅಂತ. ಮ್ಯಾನೇಜರ್‌ಗೂ ಒಂದು ನ್ಯಾಯ ಇದೆ ಅನ್ನೋದು ನನಗೆ ಗೊತ್ತು, ಬೆನ್ನ ಹಿಂದೆ ಏನೋ ಬರೆದಿಟ್ಟಿದಾರೆ, ಅದಕ್ಕೆ ಉತ್ತರ ಕೊಡೋ ಅವಕಾಶ ಇಲ್ಲ ಅಂತ ಯಾರಿಗಾದ್ರೂ ಅನ್ಸುತ್ತೆ. ಅದಕ್ಕೇ ಒಬ್ಬರ ಮಾತು ಆಧಾರ ಮಾಡ್ಕೊಂಡು ಅವರ ಅಪ್ರೈಸಲ್‌ನಲ್ಲಿ ಏನೂ ಬರಲ್ಲ, ಅದನ್ನೇ ಅವರಿಗೂ ಹೇಳಿದೆ. "ಸರ್, ನಾಳೆ ನೀವು ಬಿಟ್ಟು ಹೋಗುವಾಗ ನೀವು ಹೇಳಿದ್ದನ್ನೂ ನಾನು ಹೀಗೇ ಇಟ್ಕೋತೀನಿ" ಅಂದೆ. ಅವರು ಹೋಳಿಗೆ ತಟ್ಟೆ ಮುಂದೆ ಮಾಡಿ ಬೇರೆ ಮಾತಿಗೆ ಹೋದ್ರು.

ಮತ್ತೆ ಆ ಇಂಜಿನಿಯರ್ ವಿಷಯಕ್ಕೆ ಬಂದ್ರೆ, ಮಾತುಕತೆ ಆದ ವಾರವೇ ಶನಿವಾರ 22ಕ್ಕೆ ನಾನು ಬರೆದ ಒಂದು ಪುಟದ ಸಾರಾಂಶ ಅವರಿಗೆ ಓದಿ ಹೇಳಿದೆ, ರೋಟಾ ಭಾಗದಲ್ಲಿ ಒಂದು ಸಾಲು ತೆಗೀರಿ ಅಂದ್ರು, ತೆಗೆದೆ. ಕೈಬರಹದ ಹಾಳೆ ಅವತ್ತೇ ಹರಿದು ಹಾಕಿದೆ. ಸಾರಾಂಶ ನಾನು ಮತ್ತು ನಮ್ಮ ಎಚ್‌ಆರ್ ಹೆಡ್ ಇಬ್ಬರೇ ತೆಗೆಯೋಕಾಗೋ ಫೋಲ್ಡರ್‌ನಲ್ಲಿದೆ, ಆರು ತಿಂಗಳ ವರದಿ ಆದ ಮೇಲೆ ಅದೂ ಹೋಗುತ್ತೆ. ಗ್ರಾಚ್ಯುಟಿ 30 ದಿನದ ಒಳಗೆ ಅವರ ಖಾತೆಗೆ ಹೋಯ್ತು. ನಮ್ಮ ನೋ ಡ್ಯೂಸ್ ಫಾರ್ಮ್‌ನಲ್ಲಿ ಕ್ಯಾಂಟೀನ್, ಸೆಕ್ಯುರಿಟಿ ಸಾಲುಗಳ ಕೆಳಗೆ "ಎಕ್ಸಿಟ್ ಇಂಟರ್‌ವ್ಯೂ ಆಗಿದೆ" ಅಂತ ಒಂದು ಸೈನ್ ಕಾಲಂ ಇತ್ತು. ಇಷ್ಟದ ಮೇಲೆ ಬನ್ನಿ ಅಂತ ಮೇಲ್‌ನಲ್ಲಿ ಬರೆದು ಫಾರ್ಮ್‌ನಲ್ಲಿ ಸೈನ್ ಕೇಳಿದ್ರೆ ಜನ ನಂಬೋದು ಫಾರ್ಮನ್ನ. ಪ್ಲಾಂಟ್ ಹೆಡ್ ಹತ್ರ ಮಾತಾಡಿ ಆ ಕಾಲಂ ತೆಗೆಸಿದೀವಿ, ಹೊಸ ಫಾರ್ಮ್ ಈ ತಿಂಗಳಿಂದ ಶುರು.